ಗ್ಲಾಸಿಗೆ 16 ರೂಪಾಯಿ ಲಾಭ ಅಂದುಕೊಂಡಿದ್ದೆವು, ಜುಲೈನಲ್ಲಿ ಜೇಬಿನಿಂದ 11,700 ಹೋಯಿತು. ಎಲ್ಲಿ ತಪ್ಪಿದೆವು?

ಮೋಸಂಬಿ_ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನಾನು, ನನ್ನ ಗೆಳೆಯ ಸೇರಿ ಮಾರ್ಚ್‌ನಲ್ಲಿ ಒಂದು ಜ್ಯೂಸ್ ಅಂಗಡಿ ಹಾಕಿದೆವು. ಕಾಲೇಜು ಹುಡುಗರು ಓಡಾಡುವ ರಸ್ತೆ. ಮಾಡುವುದು ಮೋಸಂಬಿ ಜ್ಯೂಸ್ ಮಾತ್ರ. ಗ್ಲಾಸಿಗೆ 40 ರೂಪಾಯಿ.

ಏಪ್ರಿಲ್‌ನಲ್ಲಿ ದಿನಕ್ಕೆ 130 ಗ್ಲಾಸ್ ಹೋಗುತ್ತಿತ್ತು. ತಿಂಗಳ ಕೊನೆಗೆ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಒಟ್ಟು ಖರ್ಚನ್ನು ಒಟ್ಟು ಗ್ಲಾಸಿನಿಂದ ಭಾಗಿಸಿದರೆ 24 ರೂಪಾಯಿ ಬಂತು. ಹಾಗಾದರೆ ಗ್ಲಾಸಿಗೆ 16 ಲಾಭ ಅಂತ ಅಂಗಡಿಯ ಕ್ಯಾಲೆಂಡರ್ ಮೇಲೇ ಬರೆದಿಟ್ಟೆವು.

ಜುಲೈನಲ್ಲಿ ಮಳೆ ಹಿಡಿಯಿತು. ದಿನಕ್ಕೆ 30 ಗ್ಲಾಸ್ ಹೋದರೆ ಹೆಚ್ಚು. ಗೆಳೆಯ ಮತ್ತೆ ಲೆಕ್ಕ ಹಾಕಿ, ಈಗ ಒಂದು ಗ್ಲಾಸಿಗೆ 45 ಬೀಳುತ್ತಿದೆ, 40ಕ್ಕೆ ಕೊಟ್ಟರೆ ಪ್ರತಿ ಗ್ಲಾಸಿಗೂ 5 ರೂಪಾಯಿ ಕಳೆದುಕೊಳ್ಳುತ್ತೇವೆ ಎಂದ. ಅದಕ್ಕೇ ಮಳೆ ಜೋರಾಗಿದ್ದ 9 ದಿನ ಬಾಗಿಲೇ ತೆಗೆಯಲಿಲ್ಲ. ಉಳಿದ 22 ದಿನದಲ್ಲಿ 660 ಗ್ಲಾಸ್ ಮಾರಿದೆವು.

ನನ್ನ ಲೆಕ್ಕದಲ್ಲಿ 660 ಗ್ಲಾಸಿಗೆ 16ರಂತೆ ಹತ್ತು ಸಾವಿರ ಉಳಿಯಬೇಕಿತ್ತು. ಆದರೆ ನಾವೇ ಕೈಯಿಂದ 11,700 ಹತ್ತಿರ ಹಾಕಿದ್ದೇವೆ. ಗೆಳೆಯನಿಗೆ ಅಂಗಡಿಯ ಹುಡುಗನ ಮೇಲೆ ಅನುಮಾನ. ಗಲ್ಲಾದಲ್ಲಿ ಅವನೂ ದುಡ್ಡು ಹಾಕುತ್ತಾನಲ್ಲ. ನನಗೆ ಹಾಗನ್ನಿಸುವುದಿಲ್ಲ, ಆದರೆ ಬೇರೆ ಉತ್ತರವೂ ಗೊತ್ತಾಗುತ್ತಿಲ್ಲ. ಇದೇ ವಿಷಯಕ್ಕೆ ನಾವಿಬ್ಬರೂ ಮೂರು ದಿನದಿಂದ ಸರಿಯಾಗಿ ಮಾತಾಡಿಲ್ಲ.

ಕೆರೆದಂಡೆ

ಮಳೆಗಾಲದಲ್ಲಿ ಜ್ಯೂಸ್ ಯಾರು ಕುಡಿಯುತ್ತಾರೆ ಗುರು? ಬಿಸಿ ಬಾದಾಮಿ ಹಾಲು ಇಡಿ.

ಲೆಕ್ಕದ_ಮೇಷ್ಟ್ರು

ಪಿಯುಸಿ ಮಕ್ಕಳಿಗೆ ಕಾಮರ್ಸ್ ಪಾಠ ಮಾಡುತ್ತೇನೆ. ಮೊದಲು ಹುಡುಗನ ವಿಷಯ ಬದಿಗಿಡಿ. ನಿಮ್ಮ ಲೆಕ್ಕವೇ ತಪ್ಪಿರಬಹುದು. ಎರಡು ಪಟ್ಟಿ ಬರೆದು ಹಾಕಿ. ನೀವು ಒಂದೇ ಒಂದು ಗ್ಲಾಸ್ ಮಾರದಿದ್ದರೂ ತಿಂಗಳಿಗೆ ಕೊಡಲೇಬೇಕಾದ ದುಡ್ಡು ಯಾವುದು? ಇನ್ನೂ ಒಂದು ಗ್ಲಾಸ್ ಜಾಸ್ತಿ ಮಾರಿದರೆ ಜಾಸ್ತಿಯಾಗುವ ದುಡ್ಡು ಯಾವುದು? ಅಷ್ಟು ಸಾಕು.

ಮೋಸಂಬಿ_ಶಿವಮೊಗ್ಗ

ಸರ್, ತಿಂಗಳಿಗೆ ಕೊಡಲೇಬೇಕಾದದ್ದು: ಬಾಡಿಗೆ 9,000, ಹುಡುಗನ ಸಂಬಳ 11,000, ಮೆಷಿನ್ ಸಾಲದ ಕಂತು 2,800, ಕರೆಂಟು ಮತ್ತು ಕ್ಯಾನ್ ನೀರು ಸೇರಿ 1,200. ಒಟ್ಟು 24,000.

ಒಂದು ಗ್ಲಾಸಿಗೆ: ಹಣ್ಣು 350 ಗ್ರಾಂ ಹಿಡಿಯುತ್ತದೆ, ಕೆಜಿಗೆ 40ರಂತೆ 14 ರೂಪಾಯಿ. ಪೇಪರ್ ಗ್ಲಾಸು, ಸ್ಟ್ರಾ ಸೇರಿ ಎರಡೂಕಾಲು. ಸಕ್ಕರೆ ಉಪ್ಪು ಮುಕ್ಕಾಲು. ಐಸ್ ಒಂದು ರೂಪಾಯಿ. ಒಟ್ಟು 18.

ವ್ಯಾಪಾರಿ_ಹುಬ್ಬಳ್ಳಿ

ಸಂಬಳ ಮೊದಲನೇ ಪಟ್ಟಿಗೆ ಬರುವುದಿಲ್ಲ. ಕೂಲಿ ಅಂದರೆ ಯಾವಾಗಲೂ ಬದಲಾಗುವ ಖರ್ಚು. ಕರೆಂಟು ಬೇಕಾದರೆ ಸ್ಥಿರ ಅನ್ನಿ. ನಾನು ಇಪ್ಪತ್ತು ವರ್ಷದಿಂದ ಅಂಗಡಿ ನಡೆಸುತ್ತಿದ್ದೇನೆ.

ಲೆಕ್ಕದ_ಮೇಷ್ಟ್ರು

ಖರ್ಚಿನ ಹೆಸರು ನೋಡಿ ಪಟ್ಟಿ ಹೇಳಲು ಆಗುವುದಿಲ್ಲ ಸರ್. ನೀವು ಹೇಗೆ ಮಾತಾಡಿಕೊಂಡಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ. ಈ ಹುಡುಗನಿಗೆ ತಿಂಗಳ ಸಂಬಳ. 30 ಗ್ಲಾಸಿಗೂ 11,000, 130 ಗ್ಲಾಸಿಗೂ 11,000. ಅದೇ ಗ್ಲಾಸಿಗೆ 3 ರೂಪಾಯಿ ಅಂತ ಕೊಟ್ಟಿದ್ದರೆ ನಿಮ್ಮ ಮಾತು ಸರಿ. ಇನ್ನು ಕರೆಂಟ್ ಬಿಲ್ ತೆಗೆದು ನೋಡಿ. ಅದರಲ್ಲಿ ನಿಗದಿತ ಶುಲ್ಕ ಅಂತ ಒಂದು ಸಾಲು, ಓಡಿಸಿದ ಯೂನಿಟ್ಟಿಗೆ ಇನ್ನೊಂದು ಸಾಲು ಇರುತ್ತದೆ. ಒಂದೇ ಬಿಲ್ಲಿನಲ್ಲಿ ಎರಡೂ ಇವೆ. ಇಲ್ಲಿ ಮೊತ್ತ ಸಣ್ಣದು, ಹಾಗಾಗಿ ಒಂದೇ ಕಡೆ ಇಟ್ಟರೂ ನಡೆಯುತ್ತದೆ.

ಈಗ ಮೋಸಂಬಿಯವರೇ, ಕೇಳಿ. ಕ್ಯಾಲೆಂಡರ್ ಮೇಲೆ ಬರೆದಿರುವ 24 ರೂಪಾಯಿ ಒಂದು ಗ್ಲಾಸಿನ ಬೆಲೆ ಅಲ್ಲ. ಅದು ಏಪ್ರಿಲ್ ತಿಂಗಳ ಬೆಲೆ. ನಿಮ್ಮ 24,000ವನ್ನು ಏಪ್ರಿಲ್‌ನಲ್ಲಿ 3,900 ಗ್ಲಾಸು ಹಂಚಿಕೊಂಡವು. ಒಂದೊಂದರ ತಲೆ ಮೇಲೆ 6 ರೂಪಾಯಿ ಚಿಲ್ಲರೆ ಬಿತ್ತು. ಅದಕ್ಕೇ 18 ಹೋಗಿ 24 ಆಯಿತು. ಜುಲೈನಲ್ಲಿ ದಿನಕ್ಕೆ 30 ಗ್ಲಾಸಿನ ಲೆಕ್ಕದಲ್ಲಿ ಅದೇ ಹೊರೆ 27 ರೂಪಾಯಿ ಆಯಿತು, ಒಟ್ಟು 45. ಹಣ್ಣು ದುಬಾರಿ ಆಗಲಿಲ್ಲ, ಬಾಡಿಗೆ ಏರಲಿಲ್ಲ. ಹೊರುವವರು ಕಡಿಮೆಯಾದರು, ಅಷ್ಟೇ.

ಅದರ ಬದಲು ಹೀಗೆ ನೋಡಿ. ಪ್ರತಿ ಗ್ಲಾಸ್ ಮಾರಿದಾಗ 40 ಬರುತ್ತದೆ, 18 ಹೋಗುತ್ತದೆ, 22 ಕೈಯಲ್ಲಿ ಉಳಿಯುತ್ತದೆ. ಈ 22 ಇನ್ನೂ ಲಾಭ ಅಲ್ಲ. ಮೊದಲು ಅದು 24,000ದ ಗುಂಡಿ ತುಂಬಬೇಕು. ಗುಂಡಿ ತುಂಬಲು 1,091 ಗ್ಲಾಸು ಬೇಕು. ನೀವು ಮಾರಿದ್ದು 660. ಆದ್ದರಿಂದ 14,520 ತುಂಬಿತು, 9,480 ಖಾಲಿ ಉಳಿಯಿತು. ಹುಡುಗ ಒಂದು ರೂಪಾಯಿ ಮುಟ್ಟದಿದ್ದರೂ ಇಷ್ಟು ನಷ್ಟ ಆಗಲೇಬೇಕಿತ್ತು.

ಆಟೋ_ಅಣ್ಣ_ತುಮಕೂರು

ಮೇಷ್ಟ್ರೇ, ಇದು ನನಗೆ ಚೆನ್ನಾಗಿ ಗೊತ್ತು. ಮೊದಲು ಬಾಡಿಗೆ ಆಟೋ ಓಡಿಸುತ್ತಿದ್ದೆ. ಬೆಳಿಗ್ಗೆ ಗಾಡಿ ತೆಗೆದ ಕೂಡಲೇ ಮಾಲೀಕರಿಗೆ 350 ಬಾಕಿ. ಮಧ್ಯಾಹ್ನ ಊಟದವರೆಗೆ ದುಡಿದದ್ದೆಲ್ಲ ಅವರದ್ದು, ಆಮೇಲಿನದ್ದು ನನ್ನದು. ಮಧ್ಯಾಹ್ನ ಮಳೆ ಬಂದರೆ ಮನೆಗೆ ಬರಿಗೈ. ಆದರೂ ಬರುವ ದಾರಿಯಲ್ಲಿ ಯಾರಾದರೂ 30 ರೂಪಾಯಿಗೆ ಬರ್ತೀಯಾ ಅಂದರೆ ಹತ್ತಿಸಿಕೊಳ್ಳುತ್ತಿದ್ದೆ. ಗ್ಯಾಸಿಗೆ ಹತ್ತು ಹೋದರೂ ಇಪ್ಪತ್ತು ಉಳಿಯುತ್ತದಲ್ಲ. ಆ ದಿನದ 350 ಹೇಗೂ ಹೋಗಿಯಾಗಿದೆ.

ಸಿಹಿನೀರು

ನನ್ನದೂ ಒಂದು ಪ್ರಶ್ನೆ. ಮನೆಯಲ್ಲಿ ಮೋಸಂಬಿ ಜ್ಯೂಸ್ ಮಾಡಿ ಫ್ರಿಜ್‌ನಲ್ಲಿಟ್ಟರೆ ಕಹಿ ಆಗುತ್ತದೆ. ಅಂಗಡಿಯಲ್ಲಿ ಹೇಗೆ ಆಗುವುದಿಲ್ಲ?

ಮೋಸಂಬಿ_ಶಿವಮೊಗ್ಗ

ಅಂಗಡಿಯಲ್ಲೂ ಆಗುತ್ತದೆ ಅಕ್ಕ. ಬೀಜ, ಒಳಗಿನ ಬಿಳಿ ಸಿಪ್ಪೆ ಜೊತೆ ಅರೆದರೆ ಬೇಗ ಕಹಿ ಬರುತ್ತದೆ. ಮೆಲ್ಲಗೆ ಹಿಂಡಿ, ಸೋಸಿದರೂ ತುಂಬಾ ಹೊತ್ತು ಇಟ್ಟರೆ ಕಹಿಯೇ. ನಾವು ಗಿರಾಕಿ ಕೇಳಿದ ಮೇಲೇ ಹಿಂಡುತ್ತೇವೆ.

ಮೇಷ್ಟ್ರೇ, ನೀವು ಹೇಳಿದ್ದನ್ನು ನಾಲ್ಕು ಸಲ ಓದಿದೆ. 16 ಲಾಭ ಅಂತ ಬರೆದದ್ದು ತಪ್ಪು ಅಂತ ಈಗ ಅರ್ಥವಾಯಿತು. ಆದರೆ ಇನ್ನೂ 2,200 ಸಿಗುತ್ತಿಲ್ಲ. ನಿಮ್ಮ ಪ್ರಕಾರ ನಷ್ಟ 9,480. ನಾವು ಹಾಕಿರುವುದು 11,680. ಇದನ್ನು ಹೇಳಿದರೆ ಗೆಳೆಯ ಮತ್ತೆ ಹುಡುಗನ ಕಡೆಗೇ ಬೆರಳು ತೋರಿಸುತ್ತಾನೆ.

ಅಂಗಡಿಯ_ಇನ್ನೊಬ್ಬ

ನಾನೇ ಆ ಗೆಳೆಯ. ಇವನು ಇಲ್ಲಿ ಹಾಕಿದ್ದಾನೆ ಅಂತ ಗೊತ್ತಾಗಿ ಓದಿದೆ. ನಾನು ಯಾರ ಮೇಲೂ ಸುಮ್ನೆ ಅನುಮಾನ ಪಡುವವನಲ್ಲ. 2,200 ಅಂದರೆ ನೂರು ರೂಪಾಯಿಯಂತೆ ಸರಿಯಾಗಿ 22 ದಿನ. ಅಂಗಡಿ ತೆಗೆದದ್ದೂ 22 ದಿನ. ದಿನಾ ನೂರು ರೂಪಾಯಿ ಯಾರೋ ತೆಗೆದ ಹಾಗೇ ಇದೆ. ನೀವೇ ಹೇಳಿ.

ಮತ್ತೆ ಬಾಗಿಲು ಹಾಕಿದ್ದು ನನ್ನ ತೀರ್ಮಾನ. ಅದು ತಪ್ಪು ಅಂತ ನನಗೆ ಈಗಲೂ ಅನ್ನಿಸುತ್ತಿಲ್ಲ. 45 ಖರ್ಚಾಗುವುದನ್ನು 40ಕ್ಕೆ ಮಾರುವುದು ಯಾವ ವ್ಯಾಪಾರ?

ಲೆಕ್ಕದ_ಮೇಷ್ಟ್ರು

ನೀವೇ ಬಂದದ್ದು ಒಳ್ಳೆಯದಾಯಿತು. ಬಾಗಿಲು ಹಾಕಿದ ದಿನ ಮಾಲೀಕರು ಬಾಡಿಗೆ ಬಿಟ್ಟರೇ? ಕಂತು ನಿಂತಿತೇ? ಹುಡುಗನ ಸಂಬಳ ಕಡಿಮೆಯಾಯಿತೇ? ಇಲ್ಲ ತಾನೇ? ದಿನಕ್ಕೆ ಸುಮಾರು 800 ಆವತ್ತೂ ಹೋಯಿತು. 30 ಗ್ಲಾಸ್ ಮಾರಿದ ದಿನ 660 ಬಂದು 140 ಕಡಿಮೆ ಬೀಳುತ್ತದೆ. ಬಾಗಿಲು ಹಾಕಿದ ದಿನ ಪೂರ್ತಿ 800 ಕಡಿಮೆ ಬೀಳುತ್ತದೆ. ಜೋರು ಮಳೆಯಲ್ಲಿ 15 ಗ್ಲಾಸ್ ಮಾರಿದ್ದರೂ ದಿನಕ್ಕೆ 330, ಒಂಬತ್ತು ದಿನಕ್ಕೆ 2,970 ಬರುತ್ತಿತ್ತು.

ಹುಡುಗನ ವಿಷಯಕ್ಕೆ: ಪೇಪರ್ ಗ್ಲಾಸ್ ಎಣಿಸಿ. ತಿಂಗಳಲ್ಲಿ ಎಷ್ಟು ತಂದಿರಿ, ಎಷ್ಟು ಉಳಿದಿದೆ? ಖಾಲಿಯಾದ ಗ್ಲಾಸ್‌ಗಳನ್ನು 40ರಿಂದ ಗುಣಿಸಿ, ಬಂದ ದುಡ್ಡಿನ ಜೊತೆ ಇಟ್ಟು ನೋಡಿ.

ಮೋಸಂಬಿ_ಶಿವಮೊಗ್ಗ

ಈಗಷ್ಟೇ ಎಣಿಸಿ ಬಂದೆ. ಐವತ್ತರ 14 ಕಟ್ಟು ತಂದಿದ್ದೆವು, 700. ಉಳಿದಿರುವುದು 38. ಎರಡು ಒದ್ದೆಯಾಗಿ ಎಸೆದದ್ದು ನನಗೇ ನೆನಪಿದೆ. ಹೋದದ್ದು 660. ಗಲ್ಲಾದ ದುಡ್ಡು, ಮೊಬೈಲ್‌ಗೆ ಬಂದ ದುಡ್ಡು ಎರಡೂ ಕೂಡಿದರೆ 26,400. ಸರಿಯಾಗಿ 660 ಗ್ಲಾಸಿನ ದುಡ್ಡು.

ಅಂಗಡಿಯ_ಇನ್ನೊಬ್ಬ

ಸ್ಟೀಲ್ ಲೋಟದಲ್ಲಿ ಕೊಟ್ಟಿದ್ದರೆ?

ಮೋಸಂಬಿ_ಶಿವಮೊಗ್ಗ

ನಮ್ಮಲ್ಲಿ ಸ್ಟೀಲ್ ಲೋಟವೇ ಇಲ್ಲ ಮಾರಾಯ. ನೀನೇ ತಾನೇ ತೊಳೆಯುವ ಕೆಲಸ ಬೇಡ ಅಂದಿದ್ದು?

ವ್ಯಾಪಾರಿ_ಹುಬ್ಬಳ್ಳಿ

ಹಣ್ಣು ಕೊಳೆತು ಹೋಗಿರುತ್ತದೆ. ಮಳೆಗಾಲದಲ್ಲಿ ಮೂಟೆಗಟ್ಟಲೆ ತಂದಿರುತ್ತೀರಿ. ಇದರಲ್ಲಿ ತಲೆ ಕೆಡಿಸಿಕೊಳ್ಳುವುದೇನಿದೆ?

ಮೋಸಂಬಿ_ಶಿವಮೊಗ್ಗ

ಇಲ್ಲ ಸರ್, ಮೋಸಂಬಿ ಒಂದು ವಾರ ಆರಾಮಾಗಿ ಇರುತ್ತದೆ. ಜುಲೈನಲ್ಲಿ ಹತ್ತು ಇಪ್ಪತ್ತು ಕೆಜಿಯಂತೆ ತಂದಿದ್ದೇವೆ. ಹಣ್ಣಿನ ಬಿಲ್ ಲೆಕ್ಕಕ್ಕೆ ಸರಿ ಕೂರುತ್ತಿದೆ.

ಗೋಲಿಸೋಡಾ_ಅಜ್ಜಿ

ನಮ್ಮ ಮನೆಯವರು ಮೂವತ್ತು ವರ್ಷ ಸೋಡಾ, ಶರಬತ್ತು ಅಂಗಡಿ ನಡೆಸಿದರು. ಮಗಾ, ಐಸ್ ಗ್ಲಾಸಿಗೆ ಒಂದು ರೂಪಾಯಿ ಅಂತ ಬರೆದಿದ್ದೀಯಲ್ಲ. ನಿನಗೆ ಐಸ್ ಗ್ಲಾಸ್ ಲೆಕ್ಕದಲ್ಲಿ ಯಾರು ಕೊಡುತ್ತಾರೆ? ಗಡ್ಡೆ ತಾನೇ ತರುವುದು? ದಿನಕ್ಕೆ ಎಷ್ಟು ಗಡ್ಡೆ, ಎಷ್ಟು ದುಡ್ಡು?

ಮೋಸಂಬಿ_ಶಿವಮೊಗ್ಗ

ಅಜ್ಜಿ, ದಿನಾ ಬೆಳಿಗ್ಗೆ ಒಂದು ಗಡ್ಡೆ ಬರುತ್ತದೆ. 130 ರೂಪಾಯಿ. 130 ಗ್ಲಾಸಿಗೆ ಸರಿಯಾಗಿ ಒಂದೊಂದು ರೂಪಾಯಿ ಅಂತ ಏಪ್ರಿಲ್‌ನಲ್ಲಿ

ಅಯ್ಯೋ.

ಗೋಲಿಸೋಡಾ_ಅಜ್ಜಿ

ಹೂಂ. ಜುಲೈನಲ್ಲೂ ಒಂದು ಗಡ್ಡೆ ತರಿಸಿದ್ದೀರಿ. 30 ಗ್ಲಾಸಿಗೆ 30 ರೂಪಾಯಿ ಅಂತ ಬರೆದುಕೊಂಡಿರಿ, ಕೊಟ್ಟದ್ದು 130. ನೂರು ರೂಪಾಯಿ ಪೆಟ್ಟಿಗೆಯಲ್ಲಿ ಕರಗಿ ಚರಂಡಿಗೆ ಹೋಯಿತು. ದಿನಾ ನೂರು, 22 ದಿನ. ಆ ಹುಡುಗನನ್ನು ಏನೂ ಅಂದಿಲ್ಲ ತಾನೇ?

ಲೆಕ್ಕದ_ಮೇಷ್ಟ್ರು

ಅಮ್ಮ, ನಾನು ಆ ಒಂದು ರೂಪಾಯಿಯನ್ನು ಪ್ರಶ್ನೆಯೇ ಮಾಡದೆ ಒಪ್ಪಿಕೊಂಡೆ. ನೀವು ಹಿಡಿದಿರಿ. ಸರಿ ಮಾಡಿ ಬರೆಯುತ್ತೇನೆ. ಗ್ಲಾಸಿನ ಜೊತೆ ಏರಿಳಿಯುವ ಖರ್ಚು 18 ಅಲ್ಲ, 17. ಉಳಿಯುವುದು 23. ಐಸ್‌ಗೆ ದಿನಕ್ಕೆ 130, ಆದರೆ ಅಂಗಡಿ ತೆಗೆದ ದಿನ ಮಾತ್ರ. 660 ಗ್ಲಾಸಿಗೆ 15,180 ಬಂತು. ಅದರಲ್ಲಿ ಐಸ್‌ಗೆ 2,860 ಹೋಗಿ 12,320 ಉಳಿಯಿತು. 24,000ಕ್ಕೆ ಇನ್ನೂ 11,680 ಬೇಕು. ಪೈಸೆ ಪೈಸೆ ಸರಿಹೋಯಿತು.

ಐಸ್ ಬಾಡಿಗೆಯ ಹಾಗೂ ಅಲ್ಲ, ಹಣ್ಣಿನ ಹಾಗೂ ಅಲ್ಲ. ಬಾಗಿಲು ತೆಗೆದರೆ ಬರುವ ಖರ್ಚು ಅದು. ತೆಗೆದ ಮೇಲೆ ಒಂದು ಗ್ಲಾಸ್ ಮಾರಿದರೂ ಅಷ್ಟೇ, ನೂರು ಮಾರಿದರೂ ಅಷ್ಟೇ.

ಅಂಗಡಿಯ_ಇನ್ನೊಬ್ಬ

ಹಾಗಾದರೆ ಬಾಗಿಲು ಹಾಕಿದ್ದಕ್ಕೆ 2,970 ಹೋಯಿತು ಅಂತ ನೀವು ಹೇಳಿದ್ದೂ ಸರಿಯಿಲ್ಲ. ಐಸ್ ತೆಗೆದರೆ ದಿನಕ್ಕೆ 215 ಮಾತ್ರ, ಒಂಬತ್ತು ದಿನಕ್ಕೆ 1,935. ಜೂನ್ ಕೊನೆಯಲ್ಲಿ ಒಂದು ದಿನ ಪೂರ್ತಿ ನಾಲ್ಕೇ ಗ್ಲಾಸ್ ಹೋಗಿತ್ತು. ಅಂಥ ದಿನ ಬಾಗಿಲು ತೆಗೆದದ್ದೇ ನಷ್ಟ.

ಲೆಕ್ಕದ_ಮೇಷ್ಟ್ರು

ಒಪ್ಪುತ್ತೇನೆ. ನಾಲ್ಕು ಗ್ಲಾಸಿಗೆ 92 ಬಂದು ಐಸ್‌ಗೆ 130 ಹೋದರೆ ಮನೆಯಲ್ಲಿ ಕೂತದ್ದೇ ವಾಸಿ. ಆರು ಗ್ಲಾಸ್ ಹೋಗುತ್ತದೆ ಅಂತ ಅನ್ನಿಸಿದರೆ ತೆಗೆಯಿರಿ. ನಿಮ್ಮ ಗೆರೆ 45 ರೂಪಾಯಿಯಲ್ಲಿ ಇಲ್ಲ, ಆರನೇ ಗ್ಲಾಸಿನಲ್ಲಿದೆ.

ಗೋಲಿಸೋಡಾ_ಅಜ್ಜಿ

ಮಳೆ ದಿನ ಅರ್ಧ ಗಡ್ಡೆ ಕೇಳಿ. ಕೊಯ್ದು ಕೊಡುತ್ತಾರೆ. ಗೋಣಿಚೀಲ ಸುತ್ತಿ, ಹೊಟ್ಟು ಹಾಕಿಡಿ. ಪೆಟ್ಟಿಗೆ ಮುಚ್ಚಳ ಪದೇ ಪದೇ ತೆಗೆಯಬೇಡಿ.

ವ್ಯಾಪಾರಿ_ಹುಬ್ಬಳ್ಳಿ

ಇಷ್ಟೆಲ್ಲ ಯಾಕೆ? ಹುಡುಗನನ್ನು ಮಳೆಗಾಲದಲ್ಲಿ ದಿನಗೂಲಿಗೆ ಹಾಕಿ. ಬಾಗಿಲು ಹಾಕಿದ ದಿನ ಕೂಲಿ ಇಲ್ಲ. 11,000ದ ಹೊರೆ ತನ್ನಷ್ಟಕ್ಕೆ ಇಳಿಯುತ್ತದೆ.

ಹಳೇ_ಕೆಲಸದ_ಹುಡುಗ

ನಾನು ಬೇಕರಿಯಲ್ಲಿ ಆರು ವರ್ಷ ಕೆಲಸ ಮಾಡಿದವನು. ಮಳೆ ಬಂದ ದಿನ ಕೂಲಿ ಇಲ್ಲ ಅಂದರೆ ನಮ್ಮ ರೂಮ್ ಬಾಡಿಗೆ ಯಾರು ಕಟ್ಟುತ್ತಾರೆ? ನಮಗೂ ತಿಂಗಳಿಗೆ ಇಷ್ಟು ಅಂತ ಹೋಗಲೇಬೇಕಾದ ಖರ್ಚು ಇರುತ್ತದೆ ಸರ್. ನನಗೆ ಹಾಗೆ ಹೇಳಿದ ಅಂಗಡಿಯನ್ನು ಬಿಟ್ಟೆ. ಮಾರ್ಚ್‌ನಲ್ಲಿ ಕರೆದರು, ಹೋಗಲಿಲ್ಲ. ಹೊಸ ಹುಡುಗನಿಗೆ ಹಿಂಡುವುದು ಕಲಿಸುವಷ್ಟರಲ್ಲಿ ಬೇಸಿಗೆ ಅರ್ಧ ಮುಗಿದಿರುತ್ತದೆ.

ವ್ಯಾಪಾರಿ_ಹುಬ್ಬಳ್ಳಿ

ನಿಮ್ಮ ಕಷ್ಟ ಅರ್ಥವಾಗುತ್ತದೆ ತಮ್ಮಾ. ಆದರೆ ಅಂಗಡಿಯೇ ಮುಚ್ಚಿ ಹೋದರೆ ಹನ್ನೆರಡು ತಿಂಗಳೂ ಕೂಲಿ ಇಲ್ಲ.

ಆಟೋ_ಅಣ್ಣ_ತುಮಕೂರು

ಒಂದು ವಿಷಯ ಯಾರೂ ಕೇಳಲಿಲ್ಲ. ನಿಮ್ಮಿಬ್ಬರ ಕೂಲಿ ಪಟ್ಟಿಯಲ್ಲಿ ಎಲ್ಲಿದೆ? ಸ್ವಂತ ಆಟೋ ತೆಗೆದುಕೊಂಡ ಮೇಲೆ ನಾನೂ ಹೀಗೇ ಮಾಡಿದೆ. ಮನೆಗೆ ತಿಂಗಳಿಗೆ ಎಷ್ಟು ಬೇಕು ಅಂತ ಬರೆಯದೆ, ಉಳಿದದ್ದೆಲ್ಲ ಲಾಭ ಅಂದುಕೊಂಡಿದ್ದೆ.

ಮೋಸಂಬಿ_ಶಿವಮೊಗ್ಗ

ಎಲ್ಲೂ ಇಲ್ಲ ಅಣ್ಣ. ಇಬ್ಬರಿಗೂ ತಲಾ 12,000 ಅಂತ ಇಟ್ಟರೂ ಗುಂಡಿ 48,000 ಆಗುತ್ತದೆ. ಏಪ್ರಿಲ್, ಮೇನಲ್ಲಿ ಅದು ತುಂಬಿ ಮೇಲೆ ಉಳಿದಿತ್ತು. ಆ ದುಡ್ಡನ್ನು ಮಳೆಗಾಲಕ್ಕೆ ಅಂತ ಎತ್ತಿಡಲಿಲ್ಲ. ನಾನು ಬೈಕ್ ರಿಪೇರಿ ಮಾಡಿಸಿದೆ, ಇವನು ತಂಗಿ ಮದುವೆಗೆ ಕೊಟ್ಟ.

ಇನ್ನೊಂದು ಕೇಳಬೇಕು. ಹತ್ತಿರದ ಒಂದು ಟ್ಯೂಷನ್‌ನವರು ಸಂಜೆ ದಿನಾ 40 ಗ್ಲಾಸ್ ಕೊಡಿ, ಗ್ಲಾಸಿಗೆ 28 ಕೊಡುತ್ತೇವೆ ಎಂದಿದ್ದರು. ತಿಂಗಳಿಗೆ 26 ದಿನ. 45 ಖರ್ಚು, 28ಕ್ಕೆ ಹೇಗೆ ಕೊಡುವುದು ಅಂತ ಬೇಡ ಅಂದಿದ್ದೆವು. ಈಗ ನೋಡಿದರೆ 28ರಲ್ಲಿ 17 ಹೋಗಿ 11 ಉಳಿಯುತ್ತದೆ. ದಿನಕ್ಕೆ 440, ತಿಂಗಳಿಗೆ 11,440. ಐಸ್ ಹೇಗೂ ಇದೆ. ಜುಲೈನ ನಷ್ಟ ಹೆಚ್ಚುಕಡಿಮೆ ಪೂರ್ತಿ ಮುಚ್ಚುತ್ತಿತ್ತು!

ಲೆಕ್ಕದ_ಮೇಷ್ಟ್ರು

ಮಳೆಗಾಲಕ್ಕೆ ಒಪ್ಪಿಕೊಳ್ಳಿ. ಮೆಷಿನ್ ಖಾಲಿ, ಹುಡುಗ ಖಾಲಿ ಇರುವಾಗ 11 ರೂಪಾಯಿ ಉಳಿದರೂ ಉಳಿದಂತೆ. ಆದರೆ ಸೆಪ್ಟೆಂಬರ್‌ವರೆಗೆ ಅಂತ ಮೊದಲೇ ಮಾತಾಡಿಕೊಳ್ಳಿ. ಏಪ್ರಿಲ್‌ನಲ್ಲಿ ಗಿರಾಕಿ ಸಾಲು ನಿಂತಿರುವಾಗ 28ರ ನಲವತ್ತು ಗ್ಲಾಸ್ ಹಿಂಡುತ್ತಾ ಕೂತರೆ 40 ಕೊಡುವವರು ಮುಂದಿನ ಅಂಗಡಿಗೆ ಹೋಗುತ್ತಾರೆ. ದುಡ್ಡು ವಾರವಾರ ತೆಗೆದುಕೊಳ್ಳಿ.

ಸಿಹಿನೀರು

ಸಂಜೆ 40 ಗ್ಲಾಸ್ ಒಟ್ಟಿಗೆ ಹಿಂಡಿಟ್ಟರೆ ಕಹಿ ಆಗುವುದಿಲ್ವಾ? ಈಗ ತಾನೇ ಹೇಳಿದಿರಿ.

ಮೋಸಂಬಿ_ಶಿವಮೊಗ್ಗ

ನಿಜ ಅಕ್ಕ. ಕೈಯಿಂದ ಒತ್ತುವ ಮೆಷಿನ್ ಅಲ್ಲಿಗೇ ಒಯ್ದು ಹಿಂಡಬೇಕು. ಹುಡುಗ ಸಂಜೆ ಬಿಡುವಾಗಿಯೇ ಇರುತ್ತಾನೆ.

ಕೆರೆದಂಡೆ

ಆ ಟ್ಯೂಷನ್ ಮಕ್ಕಳು ಈಗ ನಿಮ್ಮ ಅಂಗಡಿಗೆ ಬರುತ್ತಿಲ್ವಾ?

ಮೋಸಂಬಿ_ಶಿವಮೊಗ್ಗ

ಬರುತ್ತಾರೆ. ಸಂಜೆಯ ಗಿರಾಕಿಗಳಲ್ಲಿ ಜಾಸ್ತಿ ಅವರೇ. ಯಾಕೆ?

ಕೆರೆದಂಡೆ

ಅಲ್ಲೇ ಕೈಗೆ ಜ್ಯೂಸ್ ಸಿಕ್ಕರೆ 40 ಕೊಟ್ಟು ನಿಮ್ಮಲ್ಲಿ ಯಾಕೆ ಕುಡಿಯುತ್ತಾರೆ? ನಿಮ್ಮ 30 ಗ್ಲಾಸಿನಲ್ಲಿ 15 ಅವರದ್ದು ಅಂತಿಟ್ಟುಕೊಳ್ಳಿ. 15 ಸಲ 23 ಹೋಯಿತು, ಅಂದರೆ 345. ಬರುವ 440ರಲ್ಲಿ ಉಳಿಯುವುದು 95.

ಲೆಕ್ಕದ_ಮೇಷ್ಟ್ರು

ಇದು ದೊಡ್ಡ ಮಾತು. ಹುಡುಗನನ್ನು, ಮೆಷಿನ್ನನ್ನು ಅಲ್ಲಿಗೆ ಕಳಿಸಿದರೆ ಅಂಗಡಿ ಯಾರು ನೋಡುತ್ತಾರೆ ಅನ್ನುವುದೂ ಇದೆ. ಆದರೂ ಎಲ್ಲ 15 ಜನ ಬಿಟ್ಟು ಹೋಗುತ್ತಾರೆ ಅಂತ ನನಗೆ ಅನ್ನಿಸುವುದಿಲ್ಲ.

ಕೆರೆದಂಡೆ

ನನಗೆ ಅನ್ನಿಸುತ್ತದೆ. ನನ್ನ ಮಗನೂ ಟ್ಯೂಷನ್‌ಗೆ ಹೋಗುತ್ತಾನೆ. ಅಲ್ಲಿ ಕೊಟ್ಟದ್ದನ್ನೇ ಕುಡಿದು ಬರುತ್ತಾನೆ.

ಮೋಸಂಬಿ_ಶಿವಮೊಗ್ಗ

ನಾಳೆಯಿಂದ ಒಂದು ವಾರ ಸಂಜೆ ಬರುವ ಮಕ್ಕಳಲ್ಲಿ ಯಾರು ಆ ಟ್ಯೂಷನ್‌ನವರು ಅಂತ ಕೇಳಿ, ಗೀಟು ಹಾಕಿ ಬರೆದಿಡುತ್ತೇನೆ. ಆಮೇಲೆ ಅವರಿಗೆ ಉತ್ತರ ಹೇಳುತ್ತೇವೆ. ಎಣಿಕೆ ಬಂದ ಮೇಲೆ ಇಲ್ಲೇ ಹಾಕುತ್ತೇನೆ.

ಅಂಗಡಿಯ_ಇನ್ನೊಬ್ಬ

ಕ್ಯಾಲೆಂಡರ್ ಮೇಲಿದ್ದ 16 ಹೊಡೆದು ಹಾಕಿದೆ. ಅಲ್ಲಿ 24,000, 130, 23 ಅಂತ ಮೂರು ಸಂಖ್ಯೆ ಬರೆದೆ.

ಅಜ್ಜಿ, ನೀವು ಕೇಳಿದ್ದಕ್ಕೆ ಉತ್ತರ. ಅವನಿಗೆ ನೇರವಾಗಿ ಏನೂ ಅಂದಿರಲಿಲ್ಲ, ಆದರೆ ಹೋದ ವಾರದಿಂದ ಗಲ್ಲಾದ ಕೀಲಿ ನಾನೇ ಇಟ್ಟುಕೊಂಡಿದ್ದೆ. ಅವನಿಗೆ ಗೊತ್ತಾಗಿದೆ. ಇವತ್ತು ಬೆಳಿಗ್ಗೆ ಕೀಲಿ ಅವನ ಕೈಗೆ ಕೊಟ್ಟು, ತಪ್ಪಾಯಿತು ಕಣೋ ಅಂದೆ. ಏನೂ ಮಾತಾಡಲಿಲ್ಲ. ಐಸ್ ಗಾಡಿ ಬಂದಾಗ ಅರ್ಧ ಗಡ್ಡೆ ಸಾಕು ಅಂತ ಅವನೇ ಹೇಳಿದ.